ಎರಡನೇ ಅವಧಿಯ ಸ್ಕೂಲ್ ಬ್ಯಾಗು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆಗೆ ಮುಂಚೆ ನಡೆದ ಪೋಷಕರ ಸಭೆಯಲ್ಲಿ ಪರದೆ ಮೇಲೆ ತೋರಿಸಿದ ವಿಷಯಗಳು ಹಲವು. ಪರೀಕ್ಷೆ, ಕ್ರೀಡಾಕೂಟ, ವಾರ್ಷಿಕೋತ್ಸವ ಎಲ್ಲ ಇದ್ದವು. ಆದರೆ ಸಭೆ ಮುಗಿದ ಮೇಲೆ ಹೆಚ್ಚು ಜನ ನನ್ನ ಹತ್ತಿರ ನಿಂತು ಕೇಳಿದ್ದು ಒಂದೇ ಸ್ಲೈಡಿನ ಬಗ್ಗೆ. ತಕ್ಕಡಿಗೆ ನೇತು ಹಾಕಿದ ನೀಲಿ ಬ್ಯಾಗಿನ ಫೋಟೋ ಇದ್ದ ಸ್ಲೈಡು ಅದು. ಹಾಗಾಗಿ ಈ ಬಾರಿಯ ಪತ್ರದಲ್ಲಿ ಬ್ಯಾಗಿನ ವಿಷಯ ಮಾತ್ರ ಬರೆಯುತ್ತಿದ್ದೇನೆ. ಉಳಿದ ದಿನಾಂಕಗಳು ಮಕ್ಕಳ ಡೈರಿಯಲ್ಲಿವೆ.

ಆ ಫೋಟೋದಲ್ಲಿದ್ದ ಬ್ಯಾಗು ಎಷ್ಟು ತೂಗಿತು?

7 ಕಿಲೋ 200 ಗ್ರಾಂ. ಅದು ಆರನೇ ತರಗತಿಯ ಮಗುವಿನದು. ಮಗುವಿನ ತೂಕ 34 ಕಿಲೋ. ಅಂದರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ಭಾರವನ್ನು ಬೆನ್ನಿಗೆ ಹಾಕಿಕೊಂಡು ಎರಡನೇ ಮಹಡಿ ಹತ್ತುತ್ತಿತ್ತು. 70 ಕಿಲೋ ತೂಗುವ ದೊಡ್ಡವರು ದಿನಾ ಬೆಳಗ್ಗೆ ಸಂಜೆ 15 ಕಿಲೋ ಮೂಟೆ ಹೊತ್ತಂತೆ ಆಯಿತು, ಅಲ್ವಾ?

ಮಗುವಿನ ಮತ್ತು ತಾಯಿಯ ಒಪ್ಪಿಗೆ ಪಡೆದು, ಟೀಚರ್ ರೂಮಿನಲ್ಲಿ ಆ ಬ್ಯಾಗನ್ನು ಬಿಚ್ಚಿ ಒಂದೊಂದನ್ನೂ ತೂಗಿದೆವು. ಖಾಲಿ ಬ್ಯಾಗೇ 850 ಗ್ರಾಂ. ಈಗ ನಡೆಯುತ್ತಿರುವ ಪಾಠಗಳ ಆರು ಪಠ್ಯಪುಸ್ತಕ ಸೇರಿ ಒಂದೂವರೆ ಕಿಲೋ. ಪಾಠ ಮುಗಿದಿದ್ದರೂ ಒಳಗೇ ಉಳಿದಿದ್ದ ಮೂರು ಪುಸ್ತಕ 750 ಗ್ರಾಂ. 200 ಪುಟದ ಲಾಂಗ್ ನೋಟ್‌ಬುಕ್ ಐದು, ಒಂದೊಂದೂ 380 ಗ್ರಾಂ, ಒಟ್ಟು 1 ಕಿಲೋ 900 ಗ್ರಾಂ. ಒಂದು ಲೀಟರ್ ನೀರು ತುಂಬಿದ ಸ್ಟೀಲ್ ಬಾಟಲ್ 1 ಕಿಲೋ 300. ಊಟದ ಡಬ್ಬಿ 600. ಜಾಮೆಟ್ರಿ ಬಾಕ್ಸ್, ಪೆನ್ಸಿಲ್ ಪೌಚು, ಡೈರಿ ಸೇರಿ 300 ಗ್ರಾಂ. ಕೂಡಿಸಿ ನೋಡಿ, 7 ಕಿಲೋ 200.

ನನಗೆ ಅಲ್ಲಿ ಬೇಸರವಾಗಿದ್ದು ಒಂದೇ ವಿಷಯಕ್ಕೆ. ಆ ದಿನ ಹಿಂದಿ ಪಿರಿಯಡ್ ಇರಲೇ ಇಲ್ಲ. ಆದರೂ ಹಿಂದಿ ಪುಸ್ತಕ, ಹಿಂದಿ ನೋಟ್ಸ್ ಎರಡೂ ಇದ್ದವು. ಯಾಕಪ್ಪ ತಂದೆ ಎಂದು ಕೇಳಿದರೆ, "ಮಿಸ್, ಆಮೇಲೆ ಇದ್ದಕ್ಕಿದ್ದಂತೆ ಕೇಳಿದರೆ?" ಎಂದಿತು ಮಗು. ಬ್ಯಾಗಿನ ಅರ್ಧ ಭಾರ ಈ ಹೆದರಿಕೆಯದು. ಆ ಹೆದರಿಕೆ ಹುಟ್ಟಿಸಿದ್ದು ನಾವು, ಶಾಲೆಯವರು. ಆದ್ದರಿಂದ ಮೊದಲು ಬದಲಾಗಬೇಕಾದವರೂ ನಾವೇ.

ಸರಿಯಾದ ತೂಕ ಎಷ್ಟು ಅಂತ ಯಾರು ಹೇಳಿದ್ದಾರೆ?

ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಮಾಡಿ, 2023ರಲ್ಲಿ ಎಲ್ಲ ಶಾಲೆಗಳಿಗೂ ಮತ್ತೆ ಸೂಚನೆ ಕೊಟ್ಟಿದೆ. ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ 2 ಕಿಲೋ. ಮೂರರಿಂದ ಐದಕ್ಕೆ 2ರಿಂದ 3 ಕಿಲೋ. ಆರರಿಂದ ಎಂಟಕ್ಕೆ 3ರಿಂದ 4 ಕಿಲೋ. ಒಂಬತ್ತು ಮತ್ತು ಹತ್ತಕ್ಕೆ 4ರಿಂದ 5 ಕಿಲೋ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಇನ್ನೂ ಸ್ವಲ್ಪ ಬಿಗಿ. ಅದು ಬ್ಯಾಗಿನ ತೂಕ ಮಗುವಿನ ತೂಕದ ಶೇ 10ನ್ನು ಮೀರಬಾರದು ಎನ್ನುತ್ತದೆ.

ಒಂದೇ ತರಗತಿಯಲ್ಲಿ 26 ಕಿಲೋ ಮಗುವೂ ಇರುತ್ತದೆ, 45 ಕಿಲೋ ಮಗುವೂ ಇರುತ್ತದೆ. ಸಣ್ಣ ಮೈಯ ಮಗುವಿಗೆ 4 ಕಿಲೋ ಕೂಡ ಜಾಸ್ತಿಯೇ. ಅದಕ್ಕೆ ನಾವು ಎರಡು ಗೆರೆ ಇಟ್ಟುಕೊಂಡಿದ್ದೇವೆ. ತರಗತಿಯ ಮಿತಿ ದಾಟಲೇಬಾರದು. ಶೇ 10ರ ಹತ್ತಿರ ತರಲು ಪ್ರಯತ್ನ ಪಡಬೇಕು.

ಈ ಚಿಂತೆ ಹೊಸದೇನೂ ಅಲ್ಲ. ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ರಾಜ್ಯಸಭಾ ಸದಸ್ಯರಾಗಿದ್ದಾಗ ಸದನದಲ್ಲಿ ಮಕ್ಕಳ ಬ್ಯಾಗಿನ ಹೊರೆ ಬಗ್ಗೆಯೇ ಮಾತಾಡಿದ್ದರು. ಆಮೇಲೆ ಪ್ರೊ. ಯಶ್‌ಪಾಲ್ ಸಮಿತಿ 1993ರಲ್ಲಿ ಇದೇ ಹೊರೆಯ ಬಗ್ಗೆ ವರದಿ ಕೊಟ್ಟಿತು. ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳು ಇವತ್ತು ನಮ್ಮ ಸಭೆಯಲ್ಲಿ ಪೋಷಕರಾಗಿ ಕೂತಿದ್ದರು.

ನೀರು, ಊಟದ ಡಬ್ಬಿಯನ್ನೂ ಲೆಕ್ಕಕ್ಕೆ ತಗೋಬೇಕಾ?

ನಮ್ಮ ಶಾಲೆಯಲ್ಲಿ ತಗೊಳ್ಳುತ್ತೇವೆ. ಹೆಗಲಿಗೆ ಪುಸ್ತಕದ ಭಾರ ಬೇರೆ, ನೀರಿನ ಭಾರ ಬೇರೆ ಅಂತ ಗೊತ್ತಾಗುವುದಿಲ್ಲ. ಮಗು ಊಟದ ಡಬ್ಬಿಯನ್ನು ಬೇರೆ ಚೀಲದಲ್ಲಿ ಕೈಯಲ್ಲಿ ಹಿಡಿದು ತಂದರೂ ಹೊರುವುದು ಅದೇ ಮಗು.

ಎರಡನೇ ಅವಧಿಯಿಂದ ಶಾಲೆ ಏನು ಬದಲಾಯಿಸುತ್ತಿದೆ?

ನಾಲ್ಕರಿಂದ ಎಂಟನೇ ತರಗತಿವರೆಗೆ ವೇಳಾಪಟ್ಟಿ ಬದಲಾಗುತ್ತದೆ. ಇಲ್ಲಿವರೆಗೆ ದಿನಕ್ಕೆ ಎಂಟು ಪಿರಿಯಡ್, ಹೆಚ್ಚು ಕಡಿಮೆ ಎಲ್ಲ ವಿಷಯವೂ ಬರುತ್ತಿತ್ತು. ಇನ್ನು ಮುಂದೆ ಮೂರು ವಿಷಯಕ್ಕೆ ಎರಡೆರಡು ಪಿರಿಯಡ್ ಜೋಡಿಯಾಗಿ ಇರುತ್ತವೆ. ನಾಲ್ಕನೇ ವಿಷಯಕ್ಕೆ ಒಂದು ಪಿರಿಯಡ್. ಉಳಿದ ಒಂದು ಆಟಕ್ಕೋ ಚಿತ್ರಕಲೆಗೋ. ಹಾಗಾಗಿ ಯಾವ ದಿನವೂ ನಾಲ್ಕಕ್ಕಿಂತ ಜಾಸ್ತಿ ವಿಷಯದ ಪುಸ್ತಕ ಬೇಕಾಗುವುದಿಲ್ಲ.

ಎರಡನೆಯದು ನೋಟ್‌ಬುಕ್. 200 ಪುಟದ ಲಾಂಗ್ ನೋಟ್‌ಬುಕ್ ಬದಲು 100 ಪುಟದ್ದು ಸಾಕು. ಅದು ಸುಮಾರು 200 ಗ್ರಾಂ ತೂಗುತ್ತದೆ. ತುಂಬಿದ ಮೇಲೆ ಮನೆಯಲ್ಲಿ ಇಟ್ಟು ಹೊಸದು ಶುರು ಮಾಡಬಹುದು. ಈಗಾಗಲೇ 200 ಪುಟದ್ದು ಅರ್ಧ ಬರೆದಿದ್ದರೆ ಅದನ್ನೇ ಮುಗಿಸಲಿ, ಎಸೆಯಬೇಡಿ.

ಮೂರನೆಯದು ಬೆಂಚಿನ ಜೋಡಿ. ಪಕ್ಕದಲ್ಲಿ ಕೂರುವ ಇಬ್ಬರು ಮಕ್ಕಳು ಆ ದಿನದ ನಾಲ್ಕು ಪಠ್ಯಪುಸ್ತಕಗಳನ್ನು ಎರಡೆರಡು ಹಂಚಿಕೊಂಡು ತರುತ್ತಾರೆ. ಒಬ್ಬರು ಕನ್ನಡ, ಗಣಿತ ತಂದರೆ ಇನ್ನೊಬ್ಬರು ವಿಜ್ಞಾನ, ಸಮಾಜ. ಪುಸ್ತಕ ಬೆಂಚಿನ ಮಧ್ಯೆ ಇಟ್ಟು ಇಬ್ಬರೂ ಓದುತ್ತಾರೆ. ಅವರವರ ಉಳಿದ ಪುಸ್ತಕ ಅವರವರ ಮನೆಯಲ್ಲೇ ಇರುವುದರಿಂದ ಹೋಂವರ್ಕಿಗೆ ತೊಂದರೆ ಇಲ್ಲ. ನೋಟ್‌ಬುಕ್ ಮಾತ್ರ ಎಲ್ಲರೂ ತಮ್ಮದೇ ತರಬೇಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಪುಸ್ತಕ ಮರೆತು ಬಂದ ಮಗುವನ್ನು ನಿಲ್ಲಿಸುವುದು, ಹೊರಗೆ ಕಳಿಸುವುದು, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು ಇವೆಲ್ಲ ಈ ಅವಧಿಯಿಂದ ಇಲ್ಲ. ಶಿಕ್ಷಕರೆಲ್ಲ ಒಟ್ಟಿಗೆ ಕೂತು ಒಪ್ಪಿದ ಮಾತಿದು. ಮರೆತರೆ ಏನೂ ಆಗುವುದಿಲ್ಲ ಅಂತ ಮಗುವಿಗೆ ನಂಬಿಕೆ ಬರುವ ತನಕ ಬ್ಯಾಗು ಹಗುರ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಎಷ್ಟು ಇಳಿಯುತ್ತದೆ?

ಅದೇ ನೀಲಿ ಬ್ಯಾಗನ್ನು ಮತ್ತೆ ತುಂಬಿ ನೋಡಿದೆವು. ಮುಗಿದ ಪಾಠದ ಮೂರು ಪುಸ್ತಕ ತೆಗೆದಾಗ 7.2 ಕಿಲೋ 6.45ಕ್ಕೆ ಬಂತು. ಆರರ ಬದಲು ಆ ದಿನದ ನಾಲ್ಕೇ ಪಠ್ಯಪುಸ್ತಕ ಇಟ್ಟಾಗ 5.95. ಐದು ದಪ್ಪ ನೋಟ್‌ಬುಕ್ ಬದಲು 100 ಪುಟದ ನಾಲ್ಕು ಇಟ್ಟಾಗ 4.85. ಒಂದೇ ಹೆಜ್ಜೆಗೆ ಇಷ್ಟು ಇಳಿದದ್ದು ಇಲ್ಲೇ. ಪಠ್ಯಪುಸ್ತಕಕ್ಕಿಂತ ನೋಟ್‌ಬುಕ್ ಭಾರ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಲೀಟರ್ ಬಾಟಲ್ ಬದಲು ಅರ್ಧ ಲೀಟರ್ ಹಿಡಿಯುವ ಹಗುರ ಬಾಟಲ್ ಇಟ್ಟಾಗ 4.25. ಪಕ್ಕದ ಮಗುವಿನ ಜೊತೆ ಪುಸ್ತಕ ಹಂಚಿಕೊಂಡಾಗ 3.75.

ಆರನೇ ತರಗತಿಯ ಮಿತಿ 4 ಕಿಲೋ. ಅದರೊಳಗೆ ಬಂತು. 34 ಕಿಲೋ ಮಗುವಿಗೆ ಶೇ 10 ಅಂದರೆ 3.4 ಕಿಲೋ. ಅಲ್ಲಿಗೆ ಮುಟ್ಟಲು ಇನ್ನೂ 350 ಗ್ರಾಂ ಇಳಿಯಬೇಕು. ಅದು ಖಾಲಿ ಬ್ಯಾಗಿನಲ್ಲಿದೆ. 850 ಗ್ರಾಂ ಬ್ಯಾಗಿನ ಬದಲು ಅರ್ಧ ಕಿಲೋದ ಬ್ಯಾಗು ಇದ್ದರೆ ಸರಿಯಾಗಿ 3.4 ಆಗುತ್ತದೆ. ಅದಕ್ಕಾಗಿ ಈಗಲೇ ಹೊಸ ಬ್ಯಾಗು ಕೊಳ್ಳಬೇಡಿ. ಮುಂದಿನ ಜೂನ್‌ನಲ್ಲಿ ಹೇಗೂ ಕೊಳ್ಳುವಾಗ ಅಂಗಡಿಯಲ್ಲೇ ಖಾಲಿ ಬ್ಯಾಗನ್ನು ಕೈಯಲ್ಲಿ ಎತ್ತಿ ನೋಡಿ.

ಮನೆಯಲ್ಲಿ ತೂಗುವುದು ಹೇಗೆ?

ಮೈತೂಕ ನೋಡುವ ಮಿಷಿನ್ ಇದ್ದರೆ ಮೊದಲು ನೀವು ಸುಮ್ನೆ ನಿಂತು ನೋಡಿ. ಆಮೇಲೆ ಬ್ಯಾಗು ಹಾಕಿಕೊಂಡು ನಿಂತು ನೋಡಿ. ಎರಡರ ವ್ಯತ್ಯಾಸವೇ ಬ್ಯಾಗಿನ ತೂಕ. ಬ್ಯಾಗನ್ನೇ ಮಿಷಿನ್ ಮೇಲೆ ಇಟ್ಟರೆ ಅದು ಆಚೆ ಈಚೆ ವಾಲಿ ತಪ್ಪು ತೋರಿಸುವುದುಂಟು. ಮಿಷಿನ್ ಗಟ್ಟಿ ನೆಲದ ಮೇಲಿರಲಿ, ಕಾರ್ಪೆಟ್ ಮೇಲೆ ಬೇಡ. ಮಿಷಿನ್ ಇಲ್ಲದಿದ್ದರೆ ಹಳೇ ಪೇಪರ್ ತಗೊಳ್ಳುವವರ ಹತ್ತಿರ ಕೊಕ್ಕೆಯ ತಕ್ಕಡಿ ಇರುತ್ತದೆ. ಶಾಲೆಯ ಆಫೀಸಿನಲ್ಲೂ ಒಂದು ಇಟ್ಟಿದ್ದೇವೆ, ಯಾವಾಗ ಬೇಕಾದರೂ ಬಂದು ತೂಗಿ.

ಒಂದು ಮಾತು. ನೀರು, ಊಟ ತುಂಬಿ, ಮಗು ಮನೆ ಬಿಡುವ ಹೊತ್ತಿಗೆ ತೂಗಿ. ಭಾನುವಾರ ಮಧ್ಯಾಹ್ನ ಅರ್ಧ ಖಾಲಿ ಬ್ಯಾಗು ತೂಗಿ "ಸರಿಯಾಗೇ ಇದೆ" ಅಂತ ಅಂದುಕೊಂಡವರು ಇದ್ದಾರೆ. ವಾರದಲ್ಲಿ ಯಾವ ದಿನ ಜಾಸ್ತಿ ಎಂದು ನೋಡಲು ಐದಾರು ದಿನ ತೂಗಿ ಬರೆದಿಟ್ಟರೆ ಸಾಕು. ತೂಗುವಾಗ ಮಗುವನ್ನು ಬೈಯಬೇಡಿ. ಬೈದರೆ ಅದು ಪುಸ್ತಕ ತೆಗೆಯುವುದಿಲ್ಲ, ಬಚ್ಚಿಡುತ್ತದೆ.

ದಿನಾ ಗಣಿತ ಇಲ್ಲದಿದ್ದರೆ ಮಕ್ಕಳು ಹಿಂದೆ ಬೀಳುವುದಿಲ್ಲವೇ?

ಈ ಪ್ರಶ್ನೆ ನ್ಯಾಯವಾದದ್ದು. ಗಣಿತಕ್ಕೆ ವಾರಕ್ಕೆ ಆರು ಪಿರಿಯಡ್ ಇತ್ತು, ಈಗಲೂ ಆರೇ. ಮೂರು ದಿನ ಜೋಡಿಯಾಗಿ ಬರುತ್ತವೆ, ಅಷ್ಟೇ. ಮೊದಲ 40 ನಿಮಿಷ ಹೇಳಿಕೊಡುವುದು, ಮುಂದಿನ 40 ನಿಮಿಷ ಮಕ್ಕಳು ಅಲ್ಲೇ ಕೂತು ಲೆಕ್ಕ ಮಾಡುವುದು. ಮನೆಗೆ ಹೊತ್ತೊಯ್ದು ಮಾಡಬೇಕಿದ್ದ ಲೆಕ್ಕಗಳಲ್ಲಿ ಬಹಳಷ್ಟು ಟೀಚರ್ ಕಣ್ಣೆದುರೇ ಮುಗಿಯುತ್ತವೆ.

ಇದರಲ್ಲಿ ಒಂದು ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಒಂದು ದಿನ ರಜೆ ಹಾಕಿದರೆ ಎರಡು ಪಿರಿಯಡ್ ಗಣಿತ ತಪ್ಪುತ್ತದೆ. ಹಾಗೆ ತಪ್ಪಿದವರಿಗೆ ಮರುದಿನ ಆಟದ ಪಿರಿಯಡ್ ಕಿತ್ತುಕೊಳ್ಳದೆ, ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಹೇಳಿಕೊಡುತ್ತೇವೆ. ಒಂದರಿಂದ ಮೂರನೇ ತರಗತಿಗೆ ಜೋಡಿ ಪಿರಿಯಡ್ ಇಲ್ಲ. ಅಷ್ಟು ಹೊತ್ತು ಒಂದೇ ವಿಷಯದಲ್ಲಿ ಕೂರುವುದು ಆ ವಯಸ್ಸಿಗೆ ಕಷ್ಟ.

ಭಾಗ 1 ಪುಸ್ತಕ ಪೂರ್ತಿ ಮನೆಯಲ್ಲೇ ಇಡಬಹುದಾ?

ಹೌದು. ಭಾಗ 1, ಭಾಗ 2 ಎಂದು ಎರಡಾಗಿ ಬರುವ ಪುಸ್ತಕಗಳಲ್ಲಿ ದಸರಾ ಆದಮೇಲೆ ಭಾಗ 2 ಮಾತ್ರ ಸಾಕು. ಪುಸ್ತಕ ಎರಡಾಗಿದ್ದೇ ಹೊರೆ ಇಳಿಯಲಿ ಎಂದು. ಎರಡನ್ನೂ ಹೊತ್ತರೆ ಹೊರೆ ಮೊದಲಿಗಿಂತ ಜಾಸ್ತಿ ಆಗುತ್ತದೆ. ಹಳೇ ಪಾಠ ತಿರುವಿ ಹಾಕುವುದಿದ್ದರೆ ಶಿಕ್ಷಕರು ಹಿಂದಿನ ದಿನವೇ ಡೈರಿಯಲ್ಲಿ ಬರೆಸುತ್ತಾರೆ. ಡೈರಿಯಲ್ಲಿ ಇಲ್ಲ ಅಂದರೆ ಬೇಡ ಅಂತಲೇ ಅರ್ಥ.

ಎಲ್ಲಾದರೂ ಕಳೆದುಹೋಗದಂತೆ ಭಾಗ 1 ಜೋಪಾನವಾಗಿರಲಿ. ವರ್ಷದ ಕೊನೆಯಲ್ಲಿ ಬೇಡವಾದರೆ ಶಾಲೆಗೆ ಕೊಡಿ. ಪ್ರತಿ ಕ್ಲಾಸಿನ ಕಪಾಟಿನಲ್ಲಿ ಮೂರು ನಾಲ್ಕು ಸೆಟ್ ಹಳೇ ಪುಸ್ತಕ ಇಡುತ್ತಿದ್ದೇವೆ. ಅದೇ ಪಠ್ಯ ಇರುವ ಮುದ್ರಣ ಆದರೆ ಮಾತ್ರ ಉಪಯೋಗ, ಅದನ್ನು ನಾವೇ ನೋಡಿ ಆರಿಸುತ್ತೇವೆ.

ಜೋಡಿಯ ಮಗು ಬರದಿದ್ದರೆ ಅಥವಾ ಪುಸ್ತಕ ಮರೆತರೆ?

ಕಪಾಟಿನ ಸೆಟ್ ಇರುವುದು ಅದಕ್ಕೇ. ಮಗು ಹೋಗಿ ತಗೊಂಡು, ಪಿರಿಯಡ್ ಮುಗಿದ ಮೇಲೆ ವಾಪಸ್ ಇಟ್ಟರೆ ಆಯಿತು. ಯಾರನ್ನೂ ಕೇಳಬೇಕಿಲ್ಲ.

ಜೋಡಿ ಹೊಂದದಿದ್ದರೆ, ಒಬ್ಬರೇ ಯಾವಾಗಲೂ ತರುವಂತಾಗಿದ್ದರೆ, ಕ್ಲಾಸ್ ಟೀಚರ್‌ಗೆ ಹೇಳಿ. ಪೋಷಕರು ಪೋಷಕರೇ ಫೋನಿನಲ್ಲಿ ಜಗಳ ಆಡುವ ವಿಷಯವಲ್ಲ ಇದು.

ನೀರು ಕಡಿಮೆ ಕಳಿಸಿದರೆ ಮಗು ಕುಡಿಯುವುದೇ ಕಡಿಮೆ ಆಗುತ್ತದಲ್ಲಾ?

ಇದರ ಬಗ್ಗೆ ನನಗೂ ಆತಂಕವಿದೆ. ಬಾಟಲ್ ಚಿಕ್ಕದಾಗಬೇಕು, ಕುಡಿಯುವ ನೀರು ಕಡಿಮೆ ಆಗಬಾರದು. ಅರ್ಧ ಲೀಟರ್ ಬಾಟಲನ್ನು ಶಾಲೆಯಲ್ಲಿ ಎರಡು ಸಲ ತುಂಬಿಕೊಳ್ಳಬೇಕು. ಹನ್ನೊಂದು ಗಂಟೆಯ ಬಿಡುವಿನಲ್ಲಿ ಒಮ್ಮೆ, ಊಟ ಆದಮೇಲೆ ಒಮ್ಮೆ ಎಲ್ಲರೂ ಬಾಟಲ್ ತುಂಬಿಕೊಳ್ಳಲು ಟೀಚರ್ ಕಳಿಸುತ್ತಾರೆ. ಫಿಲ್ಟರ್ ತೊಳೆದ ದಿನಾಂಕ ಅದರ ಪಕ್ಕದ ಗೋಡೆಯ ಹಾಳೆಯಲ್ಲಿ ಇರುತ್ತದೆ. ಬಂದಾಗ ನೋಡಿ, ನೀವೂ ಕುಡಿದು ನೋಡಿ.

ಕೆಲವು ಮಕ್ಕಳು, ಅದರಲ್ಲೂ ದೊಡ್ಡ ತರಗತಿಯ ಹೆಣ್ಣುಮಕ್ಕಳು, ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುವುದಿಲ್ಲ. ಸಂಜೆ ಬಾಟಲ್ ತುಂಬಿದ ಹಾಗೇ ವಾಪಸ್ ಬಂದಿದ್ದರೆ ಮಗುವಿನ ಹತ್ತಿರ ಮೆತ್ತಗೆ ಕೇಳಿ. ಟಾಯ್ಲೆಟ್ ಗಲೀಜು, ಚಿಲಕ ಇಲ್ಲ ಎಂಬ ಕಾರಣ ಇದ್ದರೆ ನಮಗೆ ಹೇಳಿ. ಸರಿಮಾಡುವುದು ನಮ್ಮ ಕೆಲಸ. ಡಾಕ್ಟರ್ ಜಾಸ್ತಿ ನೀರು ಕುಡಿಯಲು ಹೇಳಿರುವ ಮಗುವಾದರೆ ದೊಡ್ಡ ಬಾಟಲೇ ಇರಲಿ, ಬದಲಿಗೆ ಪುಸ್ತಕ ಕಪಾಟಿನಿಂದ ಕೊಡುತ್ತೇವೆ.

ಶಾಲೆಯಿಂದ ನೇರ ಟ್ಯೂಷನ್‌ಗೆ ಹೋಗುವ ಮಕ್ಕಳು ಏನು ಮಾಡಬೇಕು?

ಭಾರದ ಲೆಕ್ಕ ತಪ್ಪುವುದು ಬಹಳ ಸಲ ಇಲ್ಲೇ. ಶಾಲೆಯ ಪುಸ್ತಕದ ಜೊತೆ ಟ್ಯೂಷನ್ ನೋಟ್ಸ್, ಗೈಡು ಎಲ್ಲ ಬೆಳಗ್ಗೆಯೇ ಬ್ಯಾಗು ಸೇರುತ್ತವೆ. ಇಡೀ ದಿನ ಶಾಲೆಯಲ್ಲಿ ಅವನ್ನು ಯಾರೂ ತೆರೆಯುವುದಿಲ್ಲ. ಸಾಧ್ಯವಾದರೆ ಮಗು ಮನೆಗೆ ಬಂದು, ಏನಾದರೂ ತಿಂದು, ಬ್ಯಾಗು ಬದಲಿಸಿ ಹೋಗಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಆಗದ ಮಾತು ಅಂತ ನನಗೆ ಗೊತ್ತು. ಆಗ ಟ್ಯೂಷನ್ ನೋಟ್‌ಬುಕ್ ಅಲ್ಲೇ ಇಡಲು ಟ್ಯೂಷನ್ ಟೀಚರ್‌ನ ಕೇಳಿ. ಅದೂ ಆಗದಿದ್ದರೆ ಟ್ಯೂಷನ್ ಪುಸ್ತಕ ಬೇರೆ ಚೀಲದಲ್ಲಿ ಕಳಿಸಿ. ಬೆಳಗ್ಗೆ ನೆಲಮಹಡಿಯ ಕೋಣೆಯಲ್ಲಿ ಇಟ್ಟು ಸಂಜೆ ತಗೊಂಡು ಹೋಗಬಹುದು. ಕನಿಷ್ಠ ಮೆಟ್ಟಿಲು ಹತ್ತುವಾಗ ಆ ಭಾರ ಬೆನ್ನಿಗೆ ಇರುವುದಿಲ್ಲ.

ಚಕ್ರದ ಬ್ಯಾಗು ಕೊಡಿಸಿದರೆ ಸಮಸ್ಯೆ ಮುಗಿಯುತ್ತದಲ್ಲವೇ?

ಬೇಡ. ಚಕ್ರ, ಹಿಡಿಕೆ ಸೇರಿ ಅದರ ಭಾರವೇ ಜಾಸ್ತಿ. ಮೆಟ್ಟಿಲ ಹತ್ತಿರ ಬಂದಾಗ ಎತ್ತಲೇಬೇಕು, ಅದೂ ಒಂದೇ ಕೈಯಲ್ಲಿ. ಹಿಂದೆ ಬರುವ ಮಕ್ಕಳು ಎಡವುತ್ತಾರೆ. 2020ರ ನೀತಿಯೂ ಇದೇ ಕಾರಣಕ್ಕೆ ಚಕ್ರದ ಬ್ಯಾಗು ಬೇಡ ಎನ್ನುತ್ತದೆ.

ಬ್ಯಾಗು ಹಾಕಿಕೊಳ್ಳುವ ರೀತಿ ಸರಿ ಇದೆಯಾ ಅಂತ ನೋಡುವುದು ಹೇಗೆ?

ಮಗುವನ್ನು ಪಕ್ಕದಿಂದ ನೋಡಿ. ಬ್ಯಾಗು ಬೆನ್ನಿಗೆ ಅಂಟಿಕೊಂಡಿರಬೇಕು. ಅದರ ತಳ ಸೊಂಟದಿಂದ ನಾಲ್ಕು ಇಂಚಿಗಿಂತ ಕೆಳಗೆ ಇಳಿಯಬಾರದು. ದೊಡ್ಡ ಮಕ್ಕಳು ಪಟ್ಟಿ ಸಡಿಲ ಬಿಟ್ಟು ಬ್ಯಾಗು ಜೋತಾಡಿಸಿಕೊಂಡು ಹೋಗುತ್ತಾರೆ, ಆಗ ಭಾರ ಹಿಂದಕ್ಕೆ ಎಳೆಯುತ್ತದೆ. ಅದಕ್ಕೆ ಸರಿದೂಗಿಸಲು ಮಗು ಕತ್ತು ಮುಂದೆ ಚಾಚಿ, ಸೊಂಟ ಬಗ್ಗಿಸಿ ನಡೆಯುತ್ತದೆ. ಎರಡೂ ಪಟ್ಟಿ ಹೆಗಲಿಗೆ ಇರಲಿ. ದಪ್ಪ ಪುಸ್ತಕ ಬೆನ್ನಿನ ಕಡೆಗೆ, ಡಬ್ಬಿ ಪೌಚು ಹೊರಗಡೆಗೆ ಇರಲಿ.

ಬ್ಯಾಗು ತೆಗೆದ ಮೇಲೆ ಹೆಗಲಲ್ಲಿ ಕೆಂಪು ಗೆರೆ ಉಳಿದಿದ್ದರೆ, ಹಾಕಿಕೊಳ್ಳಲು ತಿಣುಕಾಡಿದರೆ, ಕೈ ಜುಮ್ಮೆನ್ನುತ್ತದೆ ಎಂದರೆ ಭಾರ ಜಾಸ್ತಿ ಆಗಿದೆ ಅಂತಲೇ. ಬ್ಯಾಗಿನಿಂದ ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟ ಆಗುತ್ತದೆ ಅಂತ ಒಬ್ಬ ಅಜ್ಜಿ ತುಂಬಾ ಹೆದರಿದ್ದರು. ಮೂಳೆ ಪಕ್ಕಕ್ಕೆ ಬಾಗುವ ಕಾಯಿಲೆಗೆ ಬ್ಯಾಗು ಕಾರಣವಲ್ಲ. ಅದು ಕೊಡುವುದು ಕತ್ತು, ಹೆಗಲು, ಬೆನ್ನಿನ ನೋವು. ಭಾರ ಇಳಿಸಿದರೆ ಸಾಮಾನ್ಯವಾಗಿ ಅದು ಕಡಿಮೆ ಆಗುತ್ತದೆ. ರಜೆಯಲ್ಲೂ ನೋವು ಇದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಜುಮ್ಮೆನ್ನುವುದು ನಿಲ್ಲದಿದ್ದರೆ ಬ್ಯಾಗಿನದೇ ಅಂತ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.

ಒಂದು, ಎರಡನೇ ತರಗತಿಯ ಮಕ್ಕಳಿಗೆ?

ಪುಸ್ತಕಗಳು ಶಾಲೆಯಲ್ಲೇ ಇರುತ್ತವೆ, ಹೋಂವರ್ಕ್ ಇಲ್ಲ. ಬ್ಯಾಗಿನಲ್ಲಿ ಡಬ್ಬಿ, ನೀರು, ಡೈರಿ ಸಾಕು.

ಬ್ಯಾಗು ಇಲ್ಲದ ಶನಿವಾರ ಮುಂದುವರಿಯುತ್ತದಾ?

ಮುಂದುವರಿಯುತ್ತದೆ. ಪ್ರತಿ ತಿಂಗಳ ಮೂರನೇ ಶನಿವಾರ. ಆ ದಿನ ಪುಸ್ತಕ ಬೇಡ ಅಂದರೂ ಕೆಲವರು "ಇರಲಿ" ಅಂತ ತುಂಬಿ ಕಳಿಸುತ್ತಾರೆ. ದಯವಿಟ್ಟು ಬೇಡ.

ರಾತ್ರಿ ಬ್ಯಾಗು ಯಾರು ಜೋಡಿಸಬೇಕು, ನಾವಾ ಮಗುವಾ?

ನಾಲ್ಕನೇ ತರಗತಿಯಿಂದ ಮೇಲೆ ಮಗುವೇ. ಮೊದಲ ಎರಡು ವಾರ ನೀವು ಪಕ್ಕದಲ್ಲಿ ಕೂತಿರಿ. ಬ್ಯಾಗನ್ನು ಪೂರ್ತಿ ನೆಲಕ್ಕೆ ಸುರಿಯಲಿ. ಅಲ್ಲಿಂದ ಟೈಮ್ ಟೇಬಲ್ ನೋಡಿ ಒಂದೊಂದೇ ಒಳಗೆ ಇಡಲಿ. ಬೇಡವಾದ್ದನ್ನು ತೆಗೆಯುವುದಕ್ಕಿಂತ ಬೇಕಾದ್ದನ್ನು ಇಡುವುದು ಸುಲಭ. ಸುರಿದಾಗ ತಳದಲ್ಲಿ ಏನೇನು ಸಿಗುತ್ತದೆ ಅಂತ ನೀವೇ ನೋಡಿ. ಆ ನೀಲಿ ಬ್ಯಾಗಿನ ಮಗು ಈಗ ದಿನಾ ಹೀಗೆ ಮಾಡುತ್ತದೆ. ಮೊದಲ ವಾರ ಎರಡು ದಿನ ಪುಸ್ತಕ ಮರೆತು ಬಂತು. ಕಪಾಟಿನಿಂದ ತಗೊಂಡು ಪಾಠ ಕೇಳಿತು. ಮೂರನೇ ವಾರ ತಾಯಿ ತೂಗಿ ಡೈರಿಯಲ್ಲಿ ಬರೆದು ಕಳಿಸಿದರು: 3 ಕಿಲೋ 800. ಆ ದಿನ ಡಬ್ಬಿಯಲ್ಲಿ ಗೆಳೆಯರಿಗೂ ಸೇರಿಸಿ ಚಕ್ಕುಲಿ ಇತ್ತಂತೆ.